ಕೊಂಡಿ ನಮ್ಮದು, ವಾಚು ನಮ್ಮದಲ್ಲ

ನನ್ನ ಹೆಂಡತಿಗೆ ಮಾರ್ಕೆಟ್ಟಿನವರು ಇಟ್ಟ ಹೆಸರು ಭೂತಗನ್ನಡಿ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ನಾನಂತೂ ಮನೆಯಲ್ಲಿ ಊಟ ಬೇಕಾದವನು, ಕರೆಯುವ ಮಾತೇ ಇಲ್ಲ. ಹಳೆಯ ಕಾಂಪ್ಲೆಕ್ಸಿನ ಮೊದಲ ಮಹಡಿಯಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ನಮ್ಮ ಅಂಗಡಿ. ಸ್ಮಾರ್ಟ್ ವಾಚು, ಫಿಟ್‌ನೆಸ್ ಬ್ಯಾಂಡುಗಳ ವ್ಯಾಪಾರ. ಕೊಳ್ಳುವುದು, ಮಾರುವುದು ಅವಳು. ಒಳಗೆ ಕೂತು ರಿಪೇರಿ ಮಾಡುವುದು ಅವಳ ತಮ್ಮ. ಇಬ್ಬರ ನಡುವೆ ಓಡಾಡಿ ಬೈಸಿಕೊಳ್ಳುವುದು ನಾನು.

ಮದುವೆಗೆ ಮುಂಚೆ ಅವಳು ಔಷಧಿ ಡಬ್ಬಗಳನ್ನು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಳು. ಅಕ್ಷರದ ಅಂಚು ಹರಡಿದೆಯೇ, ಒಂದು ಬಣ್ಣ ಇನ್ನೊಂದರ ಪಕ್ಕಕ್ಕೆ ಜಾರಿದೆಯೇ ಎಂದು ಬೆಳಗಿನಿಂದ ಸಂಜೆಯವರೆಗೆ ನೋಡುವುದು. ಆ ಕಣ್ಣೇ ಇಲ್ಲಿ ಅನ್ನಕ್ಕೆ ದಾರಿಯಾಯಿತು. ಒಮ್ಮೆ ಒಬ್ಬ ದಲ್ಲಾಳಿ ಚೀಲದ ತುಂಬ ಬ್ಯಾಂಡು ತಂದು, ಕಂಪನಿಯ ಮಾಲು, ಕಣ್ಣು ಮುಚ್ಚಿಕೊಂಡು ತಗೊಳ್ಳಿ ಎಂದ. ಅವಳು ಬ್ಯಾಂಡನ್ನು ಹೊರಗೆ ತೆಗೆಯಲೇ ಇಲ್ಲ, ಡಬ್ಬವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಅಕ್ಷರ ಊದ್ಕೊಂಡಿದೆ. ಮೂಲೆಯಲ್ಲಿ ಕಾಗದ ಸುಕ್ಕಾಗಿದೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅಣ್ಣಾ, ತಗೊಂಡು ಹೋಗಿ," ಎಂದಳು.

ಅವನು ಚೀಲದ ಬಾಯಿ ಕಟ್ಟಿದ. ಅವಳೊಡನೆ ವಾದ ಮಾಡಿ ಗೆದ್ದವರು ಈ ಕಟ್ಟಡದಲ್ಲಿಲ್ಲ. ನಮ್ಮ ಮನೆಯಲ್ಲೂ ಇಲ್ಲ.

ತಮ್ಮನನ್ನು ಸಾಕಿದವಳೂ ಇವಳೇ. ಅಮ್ಮ ಹೋದಾಗ ಅವನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲವಂತೆ. ದೊಡ್ಡವನಾದ ಮೇಲೆ ಕೆಲಸ ಕಲಿಸಿದಳು. ಒಂದೇ ಗುರುತು ನೋಡಿ ತೀರ್ಪು ಕೊಡಬೇಡ ಎಂಬುದೇ ಮೊದಲ ಪಾಠ. ಒರಿಜಿನಲ್ ಖಾಲಿ ಡಬ್ಬ ಬೇರೆಯಾಗಿ ಸಿಗುತ್ತದೆ, ವಾಚಿನ ಪಟ್ಟಿಯನ್ನು ಯಾರು ಬೇಕಾದರೂ ಬದಲಾಯಿಸಬಹುದು. ಹಾಗಾಗಿ ಡಬ್ಬದ ಅಚ್ಚು, ಪಟ್ಟಿಯ ಕೊಂಡಿ, ಗಾಜಿನ ಸುತ್ತಲ ಲೋಹದ ಅಂಚು, ಬೆನ್ನಿನ ಚಾರ್ಜಿಂಗ್ ಪಿನ್ನು, ನಾಲ್ಕೂ ಒಂದೇ ಮಾತು ಹೇಳಬೇಕು. ಇಷ್ಟೆಲ್ಲ ಹೇಳಿಕೊಟ್ಟರೂ ಅವಳಿಗೊಂದು ಚಟವಿದೆ: ಕೈ ಮೊದಲು ಹೋಗುವುದು ಕೊಂಡಿಗೆ. ಅದು ಸರಿ ಇದ್ದರೆ ಅರ್ಧ ನೆಮ್ಮದಿ. ಇದು ಗೊತ್ತಿರುವುದು ನನಗೆ ಮತ್ತು ಅವನಿಗೆ ಮಾತ್ರ.

ಮೊನ್ನೆ ಸಂಜೆ ಆಸ್ಪತ್ರೆಯ ನರ್ಸ್ ಒಬ್ಬರು ಬಂದರು. ನಮ್ಮ ಹಳೆಯ ಗಿರಾಕಿ, ಮೆತ್ತಗೆ ಮಾತಾಡುವವರು. ಅಂದು ಮಾತು ಮೆತ್ತಗಿರಲಿಲ್ಲ. ವಾಚನ್ನೂ ಡಬ್ಬವನ್ನೂ ಕೌಂಟರಿನ ಮೇಲೆ ಇಟ್ಟರು.

"ಹೊಸ ಫೋನ್ ತಗೊಂಡೆ ಮೇಡಂ. ಕಂಪನಿ ಆಪ್ ಹಾಕಿದ್ರೆ ಈ ವಾಚ್ ಕಾಣಿಸ್ತಾನೇ ಇಲ್ಲ. ನಮ್ಮ ವಾರ್ಡಲ್ಲಿ ಒಬ್ರು ನೋಡಿ, ಇದು ಫಸ್ಟ್ ಕಾಪಿ ಅಂದ್ರು. ನಿಮ್ಮನ್ನ ನಂಬಿ ತಗೊಂಡಿದ್ದೆ."

ಪಕ್ಕದ ಇಯರ್‌ಫೋನ್ ಅಂಗಡಿಯವನು ಕುತ್ತಿಗೆ ಚಾಚಿದ. ಎದುರಿನ ಫೋನ್ ಕವರಿನವನು ಎದ್ದೇ ಬಂದ. ಭೂತಗನ್ನಡಿ ನಕಲಿ ಮಾರಿದಳಂತೆ ಎಂಬ ಸುದ್ದಿ ಕೆಳಗಿನ ಮಹಡಿ ತಲುಪಲು ಮೆಟ್ಟಿಲು ಇಳಿಯುವಷ್ಟು ಹೊತ್ತು ಸಾಕು. ಆಮೇಲೆ ನಮ್ಮ ಅಂಗಡಿಗೆ ಯಾರು ಬರುತ್ತಾರೆ? ಅವಳ ಮಾತಿನ ಮೇಲೆ ನಿಂತ ಅಂಗಡಿ ಅದು.

ಅವಳು ಅಲುಗಲಿಲ್ಲ. ಕೊಂಡಿಯನ್ನು ಮಡಚಿದಳು. ಒಂದೇ ಟಕ್ ಶಬ್ದ, ಕೆತ್ತಿದ ಗುರುತು ಉಗುರಿಗೆ ಹತ್ತುವಷ್ಟು ಚೂಪು. ಮುಖ ಸಡಿಲವಾಯಿತು. ಡಬ್ಬ ನೋಡಿದಳು, ಅದೂ ಸರಿ. ಆಮೇಲೆ ಲೋಹದ ಅಂಚಿನ ಮೇಲೆ ಬೆರಳು ಎಳೆದಳು. ಬೆರಳು ನಿಂತಿತು. ವಾಚನ್ನು ಬೋರಲು ಹಾಕಿ ಪಿನ್ನು ನೋಡಿದಳು. ತುಂಬ ಹೊತ್ತು ನೋಡಿದಳು.

"ಹಳೆ ಫೋನಲ್ಲಿ ಸರಿಯಾಗಿ ಬರ್ತಿತ್ತಾ ಸಿಸ್ಟರ್?"

"ಬರ್ತಿತ್ತು. ನಡುವೆ ಗಾಜು ಒಡೆದಾಗ ಇಲ್ಲೇ ಕೊಟ್ಟಿದ್ದೆ, ನೀವಿರಲಿಲ್ಲ. ನಿಮ್ಮ ತಮ್ಮ ಸರಿ ಮಾಡ್ಕೊಟ್ಟು, ಹೊಸ ಆಪ್ ಬಂದಿದೆ ಅಂತ ಬೇರೆ ಯಾವ್ದೋ ಹಾಕ್ಕೊಟ್ರು. ಚಾರ್ಜರೂ ಬೇರೆ ಕೊಟ್ರು."

ನಕಲಿ ವಾಚು ಕಂಪನಿಯ ಆಪಿನಲ್ಲಿ ಕಾಣುವುದಿಲ್ಲ, ಅದಕ್ಕೇ ಬೇರೆ ಆಪು, ಬೇರೆ ಚಾರ್ಜರು ಎಂದು ನನಗೆ ಹೊಳೆಯಿತು. ಹೊರಗಿನ ಕಳ್ಳನಾಗಿದ್ದರೆ ಇಡೀ ವಾಚನ್ನೇ ಬದಲಿಸುತ್ತಿದ್ದ. ಇವಳ ಕೈ ಮೊದಲು ಎಲ್ಲಿಗೆ ಹೋಗುತ್ತದೆಂದು ಬಲ್ಲವನು ಮಾತ್ರ ಅಸಲಿ ಪಟ್ಟಿಯನ್ನು ಉಳಿಸಿ, ನಕಲಿ ವಾಚಿಗೆ ಸಿಕ್ಕಿಸುತ್ತಾನೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಾನು ಅವಳ ಕಿವಿಯ ಹತ್ತಿರ ಬಗ್ಗಿ, "ಸುಮ್ನೆ ಹೊಸದೊಂದು ಕೊಟ್ಟು ಕಳಿಸೇ, ಮನೇಲಿ ಮಾತಾಡೋಣ," ಎಂದೆ.

"ಹೊಸದು ಕೊಟ್ಟು ಸುಮ್ನಾದ್ರೆ ಮಾರಿದ್ದೇ ನಕಲಿ ಅಂತ ಒಪ್ಕೊಂಡ ಹಾಗೆ," ಎಂದಳು, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಒಳಗೆ ತಿರುಗಿ ತಮ್ಮನನ್ನು ಕರೆದಳು. "ಬಾರೋ ಇಲ್ಲಿ. ಈ ವಾಚ್ ನೋಡಿ ಏನು ಅಂತ ಹೇಳು."

ಅವನು ಬಂದ. ವಾಚು ಕಂಡ ಕೂಡಲೇ ಮುಖದ ಬಣ್ಣ ಇಳಿಯಿತು. ಇವನು ಒರಿಜಿನಲ್ ಎಂದುಬಿಟ್ಟರೆ? ಇಷ್ಟು ಜನರ ಮುಂದೆ ಅಕ್ಕ ತಮ್ಮ ಎದುರುಬದುರಾದರೆ ಅಂಗಡಿಯೂ ಹೋಯಿತು, ಮನೆಯೂ ಹೋಯಿತು. ಅವಳು ಕೈಕಟ್ಟಿ ನಿಂತಿದ್ದಳು. ಅವನ ಮೇಲೆ ಅವಳಿಗೆ ಅಷ್ಟು ನಂಬಿಕೆ ಎಲ್ಲಿಂದ ಬಂತೋ.

"ನೋಡೋ. ನಾಲ್ಕನ್ನೂ ನೋಡು."

ಅವನು ವಾಚು ಎತ್ತಿಕೊಂಡ. ಕಲಿತ ಕೈ ತಪ್ಪಲಿಲ್ಲ.

"ಡಬ್ಬ ಒರಿಜಿನಲ್. ಅಕ್ಷರ ಹರಡಿಲ್ಲ. ಪಟ್ಟಿ, ಕೊಂಡಿ ಎರಡೂ ನಮ್ಮದೇ." ವಾಚನ್ನು ಬೆಳಕಿಗೆ ಓರೆ ಮಾಡಿದ. "ಅಂಚು ನಮ್ಮದಲ್ಲ. ಒರಿಜಿನಲ್ ಆದ್ರೆ ಉಜ್ಜಿದ ಗೆರೆ ಒಂದೇ ಕಡೆಗೆ ಹೋಗಿರುತ್ತೆ. ಇದು ಬರೀ ಬಣ್ಣ, ಬಟನ್ ಸಂದೀಲಿ ಗಟ್ಟಿ ಕಟ್ಟಿದೆ."

"ಪಿನ್ನು?"

"ಒಂದು ಮೇಲಿದೆ, ಒಂದು ಕೆಳಗಿದೆ. ಲೇಪ ಆಗ್ಲೇ ಮಾಸಿದೆ." ಅವನೇ ಡ್ರಾಯರಿನಿಂದ ಆ ಮಾಡೆಲ್ಲಿನ ಕಂಪನಿ ಚಾರ್ಜರ್ ತೆಗೆದು ಹಿಡಿದ. ಅದರ ಅಯಸ್ಕಾಂತ ವಾಚಿನ ಬೆನ್ನಿಗೆ ಕಚ್ಚಲಿಲ್ಲ, ಪಕ್ಕಕ್ಕೆ ಜಾರಿತು. "ಕೂರಲ್ಲ. ಇದು ಕಾಪಿ, ಅಕ್ಕ."

"ನಾವು ಮಾರಿದ್ದು ಇದೇನಾ?"

ಇಯರ್‌ಫೋನಿನವನು ಇನ್ನೊಂದು ಹೆಜ್ಜೆ ಹತ್ತಿರ ಬಂದ.

"ಅಲ್ಲ. ಅಕ್ಕ ಮಾರಿದ್ದು ಅಸಲಿ," ಎಂದ ಅವನು. ಅಕ್ಕನನ್ನಲ್ಲ, ನರ್ಸನ್ನು ನೋಡಿ ಹೇಳಿದ. "ರಿಪೇರಿಗೆ ಕೊಟ್ಟಾಗ ನಾನೇ ಬದಲಾಯಿಸಿದೆ ಸಿಸ್ಟರ್. ನಿಮ್ಮದಕ್ಕೆ ಗಾಜು ಹಾಕಿ ಬೇರೆಯವರಿಗೆ ಮಾರ್ಬಿಟ್ಟೆ."

ನನ್ನ ಹೆಂಡತಿ ಅಳುವವಳಲ್ಲ. ಅಂದೂ ಅಳಲಿಲ್ಲ. ಧ್ವನಿ ಮಾತ್ರ ಒಡೆಯಿತು.

"ಇಷ್ಟು ಚೆನ್ನಾಗಿ ನೋಡೋಕೆ ಕಲ್ತಿದ್ದೀಯ. ಅದಕ್ಕೇ ನಂಗೆ ಹೊಟ್ಟೆ ಉರಿಯೋದು. ಗೊತ್ತಿಲ್ದೇ ಮಾಡಿದ್ರೆ ಇನ್ನೊಂದ್ಸಲ ಹೇಳ್ಕೊಡ್ತಿದ್ದೆ."

ಕಪಾಟಿನಿಂದ ಸೀಲು ಒಡೆಯದ ಡಬ್ಬವೊಂದನ್ನು ತೆಗೆದು ನರ್ಸಿನ ಮುಂದಿಟ್ಟಳು. ಇದು ನಮ್ಮ ಮನೆಯ ತಪ್ಪು ಎಂದಳು. ನರ್ಸ್ ಡಬ್ಬ ತೆಗೆದುಕೊಂಡರು, ಆದರೆ ತಕ್ಷಣ ಹೊರಡಲಿಲ್ಲ.

"ಮತ್ತೆ ಗಾಜು ಒಡೆದ್ರೆ ಎಲ್ಲಿಗೆ ಕೊಡ್ಲಿ ಮೇಡಂ?"

ಕೇಳಿದ್ದು ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ. ಅಷ್ಟರಲ್ಲಿ ತಮ್ಮ ಒಳಗೆ ಹೋಗಿ ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಪೌಚಿಗೆ ತುಂಬುತ್ತಿದ್ದ. ಅಂಗಡಿ ಬಿಟ್ಟು ಹೋಗು ಎಂದು ಯಾರೂ ಹೇಳಿರಲಿಲ್ಲ.

"ಇಲ್ಲಿಗೇ ಕೊಡಿ," ಎಂದಳು ಅವಳು. "ಇವನ ಕೈಗೇ ಕೊಡಿ. ಇನ್ಮೇಲೆ ಗಿರಾಕಿ ಎದುರಿಗೇ ಬಿಚ್ತಾನೆ, ಎದುರಿಗೇ ಮುಚ್ತಾನೆ."

ಒಳಗೆ ಹೋಗಿ, ಅವನ ರಿಪೇರಿ ಮೇಜನ್ನು ಹೊರಗೆ ಕೌಂಟರಿನ ಪಕ್ಕಕ್ಕೆ ತರಲು ಅದರ ಒಂದು ತುದಿ ಹಿಡಿದಳು. ಮೇಲಿದ್ದ ದೀಪ ಅಲ್ಲಾಡಿತು. ನಾನು ಇನ್ನೊಂದು ತುದಿ ಹಿಡಿಯಲು ಓಡಿದೆ.

"ನೀವು ಬಿಡಿ," ಎಂದು, ತಮ್ಮನಿಗಾಗಿ ಕಾಯುತ್ತ ನಿಂತಳು.

ಅವನು ಪೌಚನ್ನು ಕೆಳಗಿಟ್ಟು ಬಂದು ಎತ್ತಿದ.