ಆರುನೂರ ನಲವತ್ತು ಗುಂಡುಗಳ ಲೆಕ್ಕ

ಸೋಲ್ಡರಣ್ಣನಿಗೆ ಹುಟ್ಟುಗುಣವೇ ಅನುಮಾನ. ಗೇಮ್ ಹಾಲ್‌ನ ಹದಿನಾಲ್ಕು ಮಷೀನುಗಳನ್ನು ರಿಪೇರಿ ಮಾಡುವವನು ಅವನೇ. ಸ್ಕ್ರೀನು ಕೆಟ್ಟರೆ ಮೊದಲು ವೈರಿನ ಮೇಲೆ ಅನುಮಾನ, ವೈರು ಸರಿಯಿದ್ದರೆ ಕೊನೆಗೆ ಮುಟ್ಟಿದವನ ಮೇಲೆ ಅನುಮಾನ. "ಇವರಿಗೆ ನಾನು ಅನ್ನಕ್ಕೆ ಉಪ್ಪು ಹಾಕಿದ್ದೂ ಅನುಮಾನವೇ, ಎರಡು ಸಲ ನೆಕ್ಕಿ ನೋಡ್ತಾರೆ" ಅಂತ ಹೆಂಡತಿ ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ. ಅವನು ನಗುವುದಿಲ್ಲ.

ಗೇಮ್ ಹಾಲ್ ಅವಳ ತಮ್ಮನದು. ಬಾಗಿಲ ಪಕ್ಕದ ಗೋಡೆಗೆ ಒಂದು ಕಪ್ಪು ಬೋರ್ಡು. ಯಾವ ಮಷೀನಿನಲ್ಲಿ ಯಾರ ದಾಖಲೆ ಎಷ್ಟು ಅಂತ ಅದರಲ್ಲಿ ಇರುತ್ತದೆ. ಸೋಲ್ಡರಣ್ಣ ಪರೀಕ್ಷೆ ಮಾಡಿ ಸಹಿ ಹಾಕದೆ ಯಾವ ಅಂಕವೂ ಬೋರ್ಡು ಹತ್ತುವಂತಿಲ್ಲ. ಅವನು ಸಹಿ ಹಾಕಿದ್ದನ್ನು ಊರಿನ ಬೇರೆ ಗೇಮ್ ಹಾಲ್‌ನವರೂ ಕಣ್ಣುಮುಚ್ಚಿ ನಂಬುತ್ತಾರೆ. ಮನುಷ್ಯನಿಗೆ ಇದ್ದ ಮರ್ಯಾದೆ ಅಂದರೆ ಅಷ್ಟೇ, ಅದೊಂದೇ.

ಆರನೇ ಮಷೀನು ಗುಂಡಿನ ಸುರಿಮಳೆಯ ಆಟ. ಪುಟ್ಟ ವಿಮಾನ ನಮ್ಮದು, ಸ್ಕ್ರೀನು ತುಂಬ ಶತ್ರುವಿನ ಬಣ್ಣಬಣ್ಣದ ಗುಂಡು. ಹೊಸಬರು ನೋಡಿ, ಇದರಲ್ಲಿ ಬದುಕುವುದಾದರೂ ಹೇಗೆ ಅಂತ ಎದ್ದು ಹೋಗುತ್ತಾರೆ. ವಿಮಾನ ಹೆಬ್ಬೆರಳಷ್ಟು ಕಂಡರೂ ಅದರ ಜೀವ ಇರುವುದು ನಡುವಿನ ಸಾಸಿವೆಯಷ್ಟು ಚುಕ್ಕೆಯಲ್ಲಿ. ರೆಕ್ಕೆಗೆ ಗುಂಡು ತಗುಲಿದರೆ ಏನೂ ಆಗುವುದಿಲ್ಲ. ಅಷ್ಟೇ ಅಲ್ಲ, ಚುಕ್ಕೆಗೆ ತಾಗದೆ ಅದರ ಪಕ್ಕದಲ್ಲೇ ಸವರಿಕೊಂಡು ಹೋದರೆ 'ಟಿಕ್' ಅಂತ ಸದ್ದಾಗಿ ಅಂಕ ಬರುತ್ತದೆ. ಆಡುವವರು ಇದಕ್ಕೆ ಗ್ರೇಜ್ ಅನ್ನುತ್ತಾರೆ. ಒಂದು ಗುಂಡಿಗೆ ಒಂದೇ ಸಲ. ದೂರ ಓಡಿದವನಿಗೆ ಪ್ರಾಣ ಮಾತ್ರ, ಸಾವಿನ ಪಕ್ಕ ನಿಂತವನಿಗೆ ಅಂಕ.

ಆ ಆಟದಲ್ಲಿ ಹನ್ನೊಂದು ವರ್ಷದಿಂದ ದಾಖಲೆ ಸೋಲ್ಡರಣ್ಣನದೇ. ಅವತ್ತು ಮಧ್ಯಾಹ್ನ ಅವನ ರಿಪೇರಿ ಮೇಜಿನ ಹತ್ತಿರ ಭಾವಮೈದ ಫೋನು ಹಿಡಿದು ಓಡಿಬಂದ.

"ಭಾವ, ಟೈಲರಕ್ಕ ನಿಮ್ಮ ದಾಖಲೆ ಮುರಿದರು! ನಾನೇ ಪಕ್ಕದಲ್ಲಿದ್ದೆ. ಸಹಿ ಹಾಕಿ."

ಟೈಲರಕ್ಕ ಎದುರು ಸಾಲಿನ ಹೊಲಿಗೆ ಅಂಗಡಿಯವಳು. ಊಟದ ಬಿಡುವಿನಲ್ಲಿ ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಬಂದು ಒಂದು ಗಂಟೆ ಆಡಿ ಹೋಗುತ್ತಾಳೆ. ಸೋಲ್ಡರಣ್ಣ ಫೋನಿನ ಫೋಟೋ ನೋಡಿದ. ಕೊನೆಯ ಹಂತದ ಗ್ರೇಜು: ಒಂಬೈನೂರ ಹನ್ನೊಂದು.

ಅವನಿಗೆ ಪಿತ್ತ ನೆತ್ತಿಗೇರಿತು. ಟೂಲಿನ ಡಬ್ಬದಿಂದ ಎಣ್ಣೆ ಹಿಡಿದ ನೋಟ್‌ಬುಕ್ ತೆಗೆದ.

"ಕೊನೆಯ ಹಂತದಲ್ಲಿ ಇರೋದು ಒಂದೇ ಹಡಗು. ಒಂದು ಅಲೆಗೆ ನೂರ ಅರವತ್ತು ಗುಂಡು ಬಿಡತ್ತೆ. ನಾಲ್ಕು ಅಲೆ. ಆರುನೂರ ನಲವತ್ತು. ನಾನೇ ಎಣಿಸಿದ್ದು. ಇರೋದೇ ಆರುನೂರ ನಲವತ್ತು ಗುಂಡು, ಸವರಿದ್ದು ಒಂಬೈನೂರ ಹನ್ನೊಂದಾ? ಮಿಕ್ಕಿದ್ದು ಎಲ್ಲಿಂದ ಬಂತು, ನಿಮ್ಮ ಅಪ್ಪನ ಮನೆಯಿಂದಾ?"

"ನಮ್ಮಪ್ಪ ನಿಮ್ಮ ಮಾವನೂ ಹೌದು" ಅಂದ ಭಾವಮೈದ.

ಸೋಲ್ಡರಣ್ಣ ಮಷೀನಿನ ಹಿಂಬಾಗಿಲಿಗೆ ಹೋದ. ಅವನೇ ಅಂಟಿಸಿದ ಕಾಗದದ ಸೀಲು ಹರಿದಿರಲಿಲ್ಲ. ಉಗುರಿನಿಂದ ಕೆರೆದು, ಬೇರೆ ಗೋಂದಿನ ವಾಸನೆ ಏನಾದರೂ ಇದೆಯೋ ಅಂತ ಮೂಸಿದ. ಬಿಚ್ಚಿ ಒಳಗಿನ ಸ್ವಿಚ್ಚುಗಳನ್ನು ನೋಡಿದ. ಆಟ ಸುಲಭ ಮಾಡುವ ಸ್ವಿಚ್ಚನ್ನು ಯಾರೂ ಮುಟ್ಟಿರಲಿಲ್ಲ. ಎಲ್ಲ ಇದ್ದ ಹಾಗೇ ಇದ್ದದ್ದು ನೋಡಿ ಅನುಮಾನ ಇನ್ನೂ ಬಲಿಯಿತು. ಇಷ್ಟು ಚೊಕ್ಕವಾಗಿ ಮಾಡಬೇಕಾದರೆ ಕೀ ಇರುವವನ ಕೈಯೇ ಬೇಕು. ಭಾವಮೈದನನ್ನು ಮೇಲಿಂದ ಕೆಳಗೆ ನೋಡಿದ.

"ಹೊಸ ದಾಖಲೆ ಆದರೆ ಜನ ಬರ್ತಾರೆ ಅಂತ ಹೋದ ವಾರ ಹೇಳಿದ್ದು ಯಾರು?"

"ಭಾವ, ಬಾಯಿಗೆ ಬಂದ ಹಾಗೆ ಮಾತಾಡಬೇಡಿ. ಅಕ್ಕನ ಮುಖ ನೋಡಿ ಸುಮ್ಮನಿದ್ದೀನಿ."

ಮಷೀನಿನ ಮುಂದಿನ ಸ್ಟೂಲಿನ ಮೇಲೆ ಇನ್ನೂ ಕೂತಿದ್ದ ಟೈಲರಕ್ಕ ಎದ್ದು ಬಂದಳು. "ಅಣ್ಣಾ, ಕಳ್ಳಿ ಅಂತ ನೇರವಾಗಿ ಅಂದುಬಿಡಿ, ಸುತ್ತಿ ಬಳಸಿ ಯಾಕೆ?"

"ಲೆಕ್ಕ ಹೇಳ್ತಾ ಇದೆ, ನಾನಲ್ಲ."

"ನಿಮ್ಮ ಲೆಕ್ಕ ಯಾವ ಆಟದ್ದು? ನೀವು ಆಡಿದ್ದಾ?"

"ಮತ್ತೆ ಇನ್ಯಾರದ್ದು!"

"ನಾಲ್ಕನೇ ಅಲೆಗೆ ಬಾಂಬ್ ಒತ್ತುತ್ತೀರಲ್ಲ?"

"ಒತ್ತದೆ? ಅದು ಇರೋದೇ ಅದಕ್ಕೆ."

ಬಾಂಬು ಆಟಗಾರನ ಕಟ್ಟಕಡೆಯ ದಾರಿ. ಒತ್ತಿದರೆ ಸ್ಕ್ರೀನಿನ ಗುಂಡೆಲ್ಲ ಮಾಯ, ಒಂದು ಗಳಿಗೆ ಸಾವಿಲ್ಲ, ಮೇಲಾಗಿ ಹಡಗಿಗೂ ಜೋರು ಪೆಟ್ಟು. ಹನ್ನೊಂದು ವರ್ಷದಿಂದ ಅವನ ಬಾಂಬಿಗೆ ಆ ಹಡಗು ನಾಲ್ಕನೇ ಅಲೆಯಲ್ಲೇ ಒಡೆದು ಹೋಗುತ್ತಿತ್ತು.

"ಒಡೆಯದೆ ಬಿಟ್ಟರೆ ಆಮೇಲೆ ಏನು ಬಿಡತ್ತೆ ಅಂತ ನೋಡಿದ್ದೀರಾ? ಕೂತುಕೊಳ್ಳಿ. ಬಾಂಬೂ ಬೇಡ, ಹೊಡೆಯೋದೂ ಬೇಡ. ಸುಮ್ಮನೆ ತಪ್ಪಿಸಿಕೊಳ್ಳಿ."

"ಹೊಡೆಯದಿದ್ದರೆ ಸ್ಕ್ರೀನಿನ ಮೂಲೆಯ ಗಡಿಯಾರ ಮುಗಿದು ಆಟ ಸೋಲು."

"ಯಾರು ಹೇಳಿದರು? ಸೋಲಲ್ಲ. ತೊಂಬತ್ತು ಸೆಕೆಂಡು ಆದರೆ ಹಡಗು ತಾನೇ ಓಡಿಹೋಗತ್ತೆ."

ಯಾರೂ ಹೇಳಿರಲಿಲ್ಲ. ಇಳಿಯುವ ಸೆಕೆಂಡು ನೋಡಿ ಅವನೇ ಹೆದರಿಕೊಂಡು, ಅದನ್ನೇ ನಿಯಮ ಅಂದುಕೊಂಡಿದ್ದ. ಈಗಲೂ ಅವಳ ಮಾತು ನಂಬಲಿಲ್ಲ. ರಿಪೇರಿಯವರ ಮೆನುವಿನಿಂದ ನೇರ ಕೊನೆಯ ಹಂತಕ್ಕೆ ಹಾಕಿಕೊಂಡ. ಆಮೇಲೆ ತನ್ನ ಬೆರಳಿನ ಮೇಲೇ ಅನುಮಾನ ಬಂತು. ಬಗ್ಗಿ ಬಾಂಬಿನ ಬಟನ್ನಿನ ವೈರು ಕಿತ್ತು ಹಾಕಿದ.

ನಾಲ್ಕನೇ ಅಲೆ. ಬೆರಳು ಅಭ್ಯಾಸಬಲದಿಂದ ಬಟನ್ ಒತ್ತಿತು, ಏನೂ ಆಗಲಿಲ್ಲ. ಗುಂಡಿನ ಉಂಗುರ ಕಣ್ಣೆದುರೇ ಅರಳಿತು. ಅವನು ಬಲಕ್ಕೆ ಚಿಮ್ಮಿದ, ಎಡಕ್ಕೆ ಚಿಮ್ಮಿದ.

"ಓಡಬೇಡಿ ಅಣ್ಣಾ! ಉಂಗುರದ ಗುಂಡು ಯಾವಾಗಲೂ ಒಂದೇ ದಾರಿಯಲ್ಲಿ ಬರತ್ತೆ. ಕೆಂಪು ಗುಂಡು ಹಾಗಲ್ಲ, ಬಿಟ್ಟಾಗ ನೀವು ಎಲ್ಲಿದ್ದಿರೋ ಅಲ್ಲಿಗೆ ಬರತ್ತೆ. ನೀವು ಸ್ಕ್ರೀನೆಲ್ಲ ಓಡಾಡಿದರೆ ಅದೂ ಸ್ಕ್ರೀನೆಲ್ಲ ಹರಡಿ ನಿಮ್ಮ ದಾರಿಯನ್ನೇ ಮುಚ್ಚತ್ತೆ. ಕೂದಲೆಳೆಯಷ್ಟು ಸರಿಯಿರಿ, ಒಂದೇ ಕಡೆಗೆ."

ಅವನು ಹಲ್ಲು ಕಚ್ಚಿ ಸರಿದ. ಕೆಂಪು ಸಾಲು ಬೆನ್ನ ಹಿಂದೆ ಸವರಿಕೊಂಡು ಹೋಯಿತು. ಟಿಕ್ ಟಿಕ್ ಟಿಕ್ ಟಿಕ್. ಐದನೇ ಅಲೆ ಬಂತು. ಆರನೆಯದು. ಹನ್ನೊಂದು ವರ್ಷ ಎದುರಿಗೇ ಕೂತಿದ್ದರೂ ಅವನು ಕಾಣದ ಅಲೆಗಳು. ಒಂಬತ್ತನೆಯದರಲ್ಲಿ ಸತ್ತ. ಗ್ರೇಜು ಮುನ್ನೂರ ತೊಂಬತ್ತು, ಆ ಹಂತದಲ್ಲಿ ಅವನು ಯಾವತ್ತೂ ಮುಟ್ಟದ ಸಂಖ್ಯೆ. ಗಡಿಯಾರದಲ್ಲಿ ಇನ್ನೂ ನಲವತ್ತು ಸೆಕೆಂಡು ಉಳಿದಿತ್ತು.

ಅವನು ಪ್ಯಾಂಟಿಗೆ ಕೈ ಒರೆಸಿಕೊಂಡ.

"ಆಗಬಹುದು ಅಂತ ಗೊತ್ತಾಯಿತು. ನೀವೇ ಮಾಡಿದ್ದು ಅಂತ ಗೊತ್ತಾಗಿಲ್ಲ. ಕೂತುಕೊಳ್ಳಿ."

"ಭಾವ, ಇನ್ನೂ ಬಿಡಲ್ವಾ ನೀವು?"

"ಸಹಿ ನನ್ನದು ಕಣಯ್ಯಾ."

ಟೈಲರಕ್ಕ ಅಂಗಡಿಯ ಕಡೆ ಒಮ್ಮೆ ನೋಡಿ ಕೂತಳು. ಬಾಂಬಿನ ವೈರು ಹಾಕಲು ಅವನು ಬಗ್ಗಿದರೆ, "ಇರಲಿ ಬಿಡಿ" ಅಂದಳು. ಮೊದಲ ಹಂತದಿಂದ ಶುರುಮಾಡಿದಳು. ಸೋಲ್ಡರಣ್ಣ ಸ್ಕ್ರೀನು ನೋಡಲಿಲ್ಲ, ಅವಳ ಎರಡು ಕೈ ನೋಡಿದ. ತೋಳಿನೊಳಗೆ ಏನೂ ಇಲ್ಲ. ಕೊನೆಯ ಹಂತದಲ್ಲಿ ಅವಳು ಹೊಡೆಯುವ ಬಟನ್ನಿನಿಂದ ಬೆರಳು ಎತ್ತಿ ತೊಡೆಯ ಮೇಲಿಟ್ಟಳು. ಎಡಗೈ ಬಟ್ಟೆಯ ಅಂಚು ಹಿಡಿದ ಹಾಗೆ ನಿಧಾನಕ್ಕೆ ಸರಿಯಿತು. ಟಿಕ್ ಸದ್ದು ಬಿಡದೆ ಕೇಳಿತು. ಅವನು ನೋಟ್‌ಬುಕ್ಕಿನಲ್ಲಿ ಅಲೆಗೊಂದು ಗೀಟು ಎಳೆದ. ಹದಿನಾರು ಗೀಟು. ಹಡಗು ಓಡಿಹೋಯಿತು.

ಎಂಟುನೂರ ಎಪ್ಪತ್ತನಾಲ್ಕು.

"ಆಗಿನದಕ್ಕಿಂತ ಮೂವತ್ತೇಳು ಕಮ್ಮಿ" ಅಂದ ಸೋಲ್ಡರಣ್ಣ.

"ನೀವು ನನ್ನ ಕಿವಿಯ ಮೇಲೆ ಉಸಿರು ಬಿಡ್ತಾ ಇದ್ದಿರಿ."

ಭಾವಮೈದ ಕಿಸಕ್ಕನೆ ನಕ್ಕ. ಸೋಲ್ಡರಣ್ಣ ಅವನನ್ನು ದುರುಗುಟ್ಟಿ ನೋಡಿ, ಫೋಟೋದ ಸಂಖ್ಯೆಯನ್ನು ಇನ್ನೊಂದು ಸಲ ಓದಿ, ದಾಖಲೆ ಪುಸ್ತಕದಲ್ಲಿ ಸಹಿ ಹಾಕಿದ. ತಪ್ಪಾಯಿತು ಅನ್ನುವ ಮಾತು ಅವನ ಬಾಯಲ್ಲಿ ಬರಲಿಲ್ಲ. ಬೋರ್ಡಿನ ಹತ್ತಿರ ಹೋಗಿ ಒದ್ದೆ ಬಟ್ಟೆಯಿಂದ ತನ್ನ ಅಂಕವನ್ನು ತಾನೇ ಒರೆಸಿದ. ಸೀಮೆಸುಣ್ಣ ಚಾಚಿದ ಭಾವಮೈದನಿಗೆ ಬರೆಯಲು ಬಿಡಲಿಲ್ಲ. ಕಿತ್ತುಕೊಂಡು ತಾನೇ ಬರೆದ, ದೊಡ್ಡ ಅಕ್ಷರದಲ್ಲಿ, ಒಂದೊಂದು ಅಂಕಿಗೂ ನಿಂತು ಫೋಟೋ ನೋಡಿಕೊಂಡು.