ಹೊಸ ಲೋಡು

ಹಗರಿಬೊಮ್ಮನಹಳ್ಳಿಯಲ್ಲಿ ಸಿಮೆಂಟ್ ಅಂಗಡಿ ಇಟ್ಟುಕೊಂಡು ನಾನು ಸಾಕಷ್ಟು ಸುಳ್ಳು ಹೇಳಿದ್ದೇನೆ. ನಾಳೆ ಬೆಳಿಗ್ಗೆ ಗಾಡಿ ಬರುತ್ತದೆ, ಈಗಷ್ಟೇ ಹೊರಟಿತು, ಇಂಥವೆಲ್ಲ ಯಾರೂ ಲೆಕ್ಕಕ್ಕೆ ಇಡದ ಸುಳ್ಳುಗಳು. ಆದರೆ ಒಂದು ಸುಳ್ಳು ಒಬ್ಬ ಮನುಷ್ಯನನ್ನೇ ತಿಂದುಹಾಕಿತು.

ಆತ ಚಿಗಟೇರಿ ಕಡೆಯ ಮೇಸ್ತ್ರಿ. ಓದು ಬಾರದು. ಆದರೆ ಸಿಮೆಂಟಿನ ಸ್ವಭಾವ ಆತನಿಗೆ ಗೊತ್ತಿದ್ದಷ್ಟು ನನಗೇ ಗೊತ್ತಿರಲಿಲ್ಲ. ಮನೆಯ ಯಜಮಾನರು ನಂಬರು ದೊಡ್ಡದಿದ್ದರೆ ಮಾಲೂ ದೊಡ್ಡದೆಂದು ತಿಳಿದು ಎಲ್ಲದಕ್ಕೂ ಐವತ್ತಮೂರು ಗ್ರೇಡ್ ಕೇಳುತ್ತಿದ್ದರು. ಮೇಸ್ತ್ರಿ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಅವರನ್ನು ಬೈಯುತ್ತಿದ್ದ.

"ಪ್ಲಾಸ್ಟರಿಗೆ ಐವತ್ತಮೂರು ಯಾಕ್ರಿ? ಬಿಸಿ ಜಾಸ್ತಿ, ಲಗೂನ ಬಿಗೀತೈತಿ. ನೀರು ಕಮ್ಮಿ ಬಿದ್ರ ಗೋಡಿ ತುಂಬ ಕೂದಲ ಸೀಳು. ಬೂದಿ ಬೆರೆಸಿದ ಪಿಪಿಸಿ ತಗೋರಿ. ಎರಿ ಮಣ್ಣಾಗ ಬುನಾದಿಗೂ ಅದ ಚಲೋ, ಉಪ್ಪು ತಡೀತೈತಿ. ಕಾಲಮ್ಮು, ಸ್ಲ್ಯಾಬಿಗೆ ಐವತ್ತಮೂರು ಇರ್ಲಿ."

ಪಿಪಿಸಿ ಕಾಲಮ್ಮಿಗೆ, ಸ್ಲ್ಯಾಬಿಗೆ ಬಾರದೆಂದಲ್ಲ. ಕೊನೆಗೆ ಅದೂ ಗಟ್ಟಿಯೇ ಆಗುತ್ತದೆ, ಆದರೆ ನಿಧಾನ. ಚಳಿಗಾಲದಲ್ಲಂತೂ ಇನ್ನೂ ನಿಧಾನ. ಕಾಂಕ್ರೀಟಿನಡಿ ಆನಿಸಿದ ಸೆಂಟ್ರಿಂಗಿನ ಕಂಬಗಳನ್ನು ಹೆಚ್ಚು ದಿನ ಬಿಡಬೇಕು, ಹೆಚ್ಚು ದಿನ ನೀರು ಕುಡಿಸಬೇಕು, ಅಷ್ಟೇ. ಆತನಿಗೆ ಅದೂ ಗೊತ್ತಿತ್ತು. ಯಾವ ಸಿಮೆಂಟೆಂದು ತಿಳಿದರೆ ಆತನ ದಿನಗಳ ಲೆಕ್ಕ ತಪ್ಪುತ್ತಿರಲಿಲ್ಲ.

ಒಂದು ಚಳಿಗಾಲದಲ್ಲಿ ಆತ ಹಂಪಸಾಗರದ ಮನೆಯೊಂದಕ್ಕೆ ಸ್ಲ್ಯಾಬ್ ಹಾಕುವ ದಿನ ನನ್ನಲ್ಲಿ ಐವತ್ತಮೂರು ಮುಗಿದುಹೋಗಿತ್ತು. ಅಲ್ಲಿ ಮಿಕ್ಸರ್ ಬಂದು ನಿಂತಿತ್ತು, ಆಳುಗಳು ಕಾಯುತ್ತಿದ್ದರು. ಇಲ್ಲವೆಂದರೆ ಎದುರಿನ ಅಂಗಡಿಯಿಂದ ತರಿಸುತ್ತಾರೆ. ಗಿರಾಕಿ ಕೈತಪ್ಪಬಾರದೆಂಬ ಹಾಳು ಆಸೆ! ಪಿಪಿಸಿ ಚೀಲಗಳನ್ನೇ ಟ್ರ್ಯಾಕ್ಟರಿಗೆ ಹೇರಿಸಿದೆ. ಸ್ವಲ್ಪ ಹೊತ್ತಿಗೆ ಮೇಸ್ತ್ರಿಯ ಫೋನ್ ಬಂತು.

"ಸಾವ್ಕಾರ್ರ, ಚೀಲ ಬ್ಯಾರೆ ಅದಾವ. ಬಣ್ಣಾನೂ ಒಂಚೂರು ಕಪ್ಪೈತಲ್ರಿ. ಐವತ್ತಮೂರ ಹೌದಿಲ್ಲೋ?"

"ಹೌದ್ ಮಾರಾಯಾ, ಹೊಸ ಲೋಡು. ಸುಮ್ನ ಹಾಕು," ಎಂದೆ.

"ನೀವು ಹೇಳಿದ್ಮ್ಯಾಲೆ ಮುಗೀತು ಬಿಡ್ರಿ."

ಮನೆಯ ಮುಂದೆ ಚಾಚಿಕೊಂಡ ಪೋರ್ಟಿಕೊದ ಕಂಬ ಬಿಚ್ಚಲು ಆತನ ಲೆಕ್ಕ ಹದಿನಾಲ್ಕು ದಿನ. ಆದರೆ ಹದಿನಾಲ್ಕನೆಯ ದಿನ ಅಮಾವಾಸ್ಯೆ ಬಂತು. ಅಮಾವಾಸ್ಯೆಯ ದಿನ ಆತನ ಕಡೆಯವರು ಕರಣಿ ಮುಟ್ಟುವುದಿಲ್ಲ, ಸೆಂಟ್ರಿಂಗಿನವನು ಅಷ್ಟರೊಳಗೆ ಹಲಗೆಗಳನ್ನು ಕೊಟ್ಟೂರಿನ ಕೆಲಸಕ್ಕೆ ಒಯ್ಯಬೇಕಿತ್ತು. ಹಾಗಾಗಿ ಮೇಸ್ತ್ರಿ ಹನ್ನೆರಡನೆಯ ದಿನವೇ ಬಿಚ್ಚಿಸಿದ. ಐವತ್ತಮೂರಿನಲ್ಲಿ ಎಷ್ಟೋ ಸಲ ಹಾಗೆ ಬಿಚ್ಚಿದ್ದ, ಏನೂ ಆಗಿರಲಿಲ್ಲ. ಆ ದಿನಗಳಲ್ಲಿ ಆತನಿಗೆ ಫೋನ್ ಮಾಡಿ, ಇನ್ನೂ ಹತ್ತು ದಿನ ಬಿಡು, ಅದು ಪಿಪಿಸಿ ಎಂದು ಹೇಳಲು ನನಗೆ ಹನ್ನೆರಡು ದಿನ ಸಮಯವಿತ್ತು. ಹೇಳಿದರೆ ಸುಳ್ಳು ಹೊರಬೀಳುತ್ತದೆ. ನಾಳೆ ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ.

ಕೊನೆಯ ಕಂಬ ಎಳೆದ ಕೂಡಲೇ ಪೋರ್ಟಿಕೊ ಬಾಗಿತಂತೆ. ಆಳುಗಳನ್ನು ಹೊರಗೆ ತಳ್ಳಿದ ಮೇಸ್ತ್ರಿ, ಅದು ಕುಸಿದಾಗ ತಾನು ಸಿಕ್ಕಿಕೊಂಡ. ಬಲಗಾಲು ನುಜ್ಜಾಯಿತು.

ಜನ ಬೈದರು. ಎರಡು ದಿನ ತಡೆಯಲಾಗದ ಮೇಸ್ತ್ರಿ ಎಂಬ ಮಾತು ಹಡಗಲಿಯಿಂದ ಹರಪನಹಳ್ಳಿಯವರೆಗೆ ಹಬ್ಬಿತು. ಒಬ್ಬನೂ ಆತನನ್ನು ನಂಬಿ ಬುನಾದಿಯ ದಾರ ಕಟ್ಟಿಸಲಿಲ್ಲ. ನಾನು ಅವರ ಜೊತೆ ತಲೆಯಾಡಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಈಗಲೂ ಆತ ಕೋಲು ಊರಿಕೊಂಡು ಬಸ್ಸಿಳಿದು ಬಂದು ಅದೇ ಬೆಂಚಿನ ಮೇಲೆ ಕೂರುತ್ತಾನೆ. ಗಿರಾಕಿಗಳು ಯಾವುದಕ್ಕೆ ಯಾವ ಸಿಮೆಂಟೆಂದು ಕೇಳಿದರೆ, "ನನ್ನ ಕೇಳಬ್ಯಾಡ್ರಿ, ನನಗ ತಿಳಿಯಂಗಿಲ್ಲ," ಎನ್ನುತ್ತಾನೆ. ಕಾಲು ಹೋದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಡುತ್ತದೆ.

ಹೋದ ವಾರ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಚಹಾದ ಲೋಟ ಹಿಡಿದು ಕೇಳಿದ: "ಸಾವ್ಕಾರ್ರ, ಖರೇ ಹೇಳ್ರಿ. ಐವತ್ತಮೂರು ಹಾಕಿದ್ದೆ, ಚಾಚಿದ್ದಕ್ಕ ಸರಳು ಮ್ಯಾಲೇ ಕಟ್ಟಿದ್ದೆ, ನೀರು ಹೊಡ್ಸಿದ್ದೆ. ನಾ ಎಲ್ಲಿ ತಪ್ಪಿದೆ?"

ಈಗಲಾದರೂ ಹೇಳಿಬಿಡೋಣವೆಂದು ಬಾಯಿ ತೆರೆದೆ.

"ನಿನ್ನ ತಪ್ಪಲ್ಲೋ. ತಪ್ಪು ನಂದು."

ಆತ ಲೋಟ ಕೆಳಗಿಟ್ಟು, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದ. ಕಣ್ಣುಗಳು ತುಂಬಿದ್ದವು.

"ನೀವು ದೊಡ್ಡ ಮನುಷ್ಯರ್ರಿ," ಎಂದ. "ನನ್ನ ಸಮಾಧಾನಕ್ಕ ತಪ್ಪು ನಿಮ್ಮ ಮ್ಯಾಲೆ ಹಾಕ್ಕೋತೀರಿ."

ಆ ಕೈಯನ್ನು ಬಿಡಿಸಿಕೊಂಡು ಉಳಿದದ್ದನ್ನು ಹೇಳಲು ನನ್ನಿಂದ ಆಗಲಿಲ್ಲ.