ಆಟಿಯಲ್ಲಿ ಯಾರದ್ದೂ ಅಲ್ಲದ ಮರಿ

ಬೆಕ್ಕಿನ ಮರಿಗೆ ಎಂಟು ವಾರಕ್ಕೆ ಮೊದಲ ಇಂಜೆಕ್ಷನ್, ಹನ್ನೆರಡಕ್ಕೆ ಎರಡನೆಯದು, ಹದಿನಾರಕ್ಕೆ ಮೂರನೆಯದು. ಬಂಟ್ವಾಳದ ನನ್ನ ಸಣ್ಣ ಕ್ಲಿನಿಕ್ಕಿನಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳಿದವರೆಲ್ಲ ತಲೆಯಾಡಿಸುತ್ತಾರೆ. ತಲೆಯಾಡಿಸುವುದರಲ್ಲಿ ನಮ್ಮ ಊರಿನವರನ್ನು ಮೀರಿಸುವವರಿಲ್ಲ. ನನಗೆ ಕೋಪ ಬೇಗ ಬರುತ್ತದೆ ಎಂದು ಪೇಟೆಯಲ್ಲಿ ಮಾತುಂಟು. ಅದು ಸುಳ್ಳೇನೂ ಅಲ್ಲ. ಆದರೆ ಆ ವರ್ಷ ಬಂದ ಕೋಪವನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ನನಗೆ ಇಂದಿಗೂ ಗೊತ್ತಾಗಿಲ್ಲ.

ಪೇಟೆಯಲ್ಲಿ ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸಿದ್ದಳು. ಗಂಡ ದುಬೈಯಲ್ಲಿ, ಮನೆಯಲ್ಲಿ ಅವಳು ಮತ್ತು ಐದನೆಯ ತರಗತಿಯ ಮಗಳು. ಹಿಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಆ ಮನೆಯ ಬೆಕ್ಕಿನ ಮರಿ ವಾಂತಿಭೇದಿಯ ಸೋಂಕಿನಿಂದ ಸತ್ತಿತ್ತು. ಒಂದೂ ಇಂಜೆಕ್ಷನ್ ಆಗದ ಮರಿ. ಹುಡುಗಿ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು. ಆಮೇಲೆ ತುಂಬ ದಿನ ಅವಳು ಬೆಕ್ಕಿನ ಮಾತೇ ಎತ್ತಲಿಲ್ಲವಂತೆ. ಮುಂದಿನ ಬೇಸಿಗೆಯಲ್ಲಿ ಮತ್ತೊಂದು ಮರಿ ಬೇಕೆಂದು ಅವಳೇ ಬಾಯಿಬಿಟ್ಟು ಕೇಳಿದಾಗ ತಾಯಿ ಖುಷಿಗಿಂತ ಹೆಚ್ಚಾಗಿ ಹೆದರಿದಳು. ನನ್ನಲ್ಲಿಗೆ ಬಂದಳು.

"ಇನ್ನೊಂದು ಸತ್ರೆ ಇವಳನ್ನು ನನಗೆ ಸಮಾಧಾನ ಮಾಡ್ಲಿಕ್ಕೆ ಆಗುದಿಲ್ಲ ಡಾಕ್ಟ್ರೆ. ಏನು ಮಾಡ್ಬೇಕು ಸರಿಯಾಗಿ ಹೇಳಿ."

ನಾನು ಸರಿಯಾಗಿಯೇ ಹೇಳಿದೆ. ಆ ಸೋಂಕು ನೆಲದಲ್ಲಿ, ಬಟ್ಟೆಯಲ್ಲಿ ಒಂದು ವರ್ಷದವರೆಗೂ ಉಳಿಯಬಹುದು. ಫಿನಾಯಿಲ್‌ಗೆ ಅದು ಸಾಯುವುದಿಲ್ಲ, ಬ್ಲೀಚಿಂಗ್ ಪೌಡರ್ ಬೇಕು, ಅದರಿಂದಲೂ ಮೂಲೆಮೂಲೆ ಶುದ್ಧವಾಯಿತೆಂದು ನಂಬುವ ಹಾಗಿಲ್ಲ. ಆದ್ದರಿಂದ ಹೊಸ ಮರಿಗೆ ಹುಟ್ಟಿದ ಮನೆಯಲ್ಲೇ ಎರಡು ಇಂಜೆಕ್ಷನ್ ಆಗಬೇಕು, ಅದಾಗಿ ಹದಿನೈದು ದಿನ ಕಳೆದ ಮೇಲೆ ಈ ಮನೆಗೆ ಬರಬೇಕು. ಒಂದೇ ಸಾಕಲ್ಲವೇ ಎಂದಳು. ಸಾಲದು ಎಂದೆ. ತಾಯಿಯ ಹಾಲಿನಿಂದ ಬಂದ ಕಾವಲು ಒಳಗಿರುವಷ್ಟು ದಿನ ಅದು ನಮ್ಮ ಮದ್ದನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಆ ಕಾವಲು ಯಾವ ಮರಿಯಲ್ಲಿ ಯಾವ ವಾರ ಮುಗಿಯುತ್ತದೆಂದು ಹೊರಗಿನಿಂದ ತಿಳಿಯದು. ಅದಕ್ಕೇ ಮತ್ತೆ ಮತ್ತೆ ಕೊಡುವುದು.

ಮರಿ ಕೊಡಲು ಒಪ್ಪಿದವರು ಹೊಳೆಯಾಚೆಯ ಒಬ್ಬರು ಹಿರಿಯ ಹೆಂಗಸು. ರಕ್ತಸಂಬಂಧವಲ್ಲ, ಆದರೂ ಈ ಹುಡುಗಿಯ ತಾಯಿ ಅವರನ್ನು ಕರೆಯುವುದು ಅಕ್ಕ ಎಂದೇ. ಎರಡು ಮನೆಗಳಿಗೂ ಹಿಂದಿನ ತಲೆಮಾರಿನಿಂದ ಬಳಕೆ. ಇವರ ರಂಜಾನಿನ ನೋಂಬಿಗೂ ಅವರ ಅಷ್ಟಮಿಗೂ ತಿಂಡಿಯ ಡಬ್ಬ ಆಚೀಚೆ ಹೋಗುತ್ತದೆ. ಅವರ ಮನೆಯಲ್ಲಿ ಬೆಕ್ಕು ಮರಿ ಹಾಕಿದ ವಾರವೇ ತವರಿನಿಂದ ಅವರಿಗೊಂದು ನಾಯಿಮರಿಯೂ ಸಿಗುವುದೆಂದು ನಿಶ್ಚಯವಾಗಿತ್ತು. ಬೆಕ್ಕಿನ ಮರಿಗಳಿಗೆ ಎಂಟು ವಾರ ತುಂಬುವ ಹೊತ್ತಿಗೆ ಆಟಿ ತಿಂಗಳು ಹಿಡಿಯುತ್ತಿತ್ತು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ಒಂದು ತಿಂಗಳು ನಮ್ಮಲ್ಲಿ ಶುಭದ ಕೆಲಸ ಮಾಡುವುದಿಲ್ಲ. ಆಟಿಯಲ್ಲಿ ಮನೆಯಿಂದ ಜೀವ ಕಳಿಸುವುದಿಲ್ಲ, ಮುಂದಿನ ತಿಂಗಳು ಸೋಣ ಬಂದ ಮೇಲೆ ಕೊಡುತ್ತೇನೆ ಎಂದರು ಅಕ್ಕ. ನಾಯಿಮರಿಯನ್ನು ಅವರು ಅದಕ್ಕೇ ಆಟಿಗೆ ಮೊದಲೇ ತಂದುಕೊಂಡಿದ್ದರು.

ಕೇಳಿ ನನಗೆ ಸಂತೋಷವಾಯಿತು. ಆಟಿಯ ಆರಂಭಕ್ಕೆ ಒಂದು ಇಂಜೆಕ್ಷನ್, ಕೊನೆಗೆ ಇನ್ನೊಂದು, ಸೋಣ ಅರ್ಧವಾಗುವಾಗ ಮರಿ ಹೊಸ ಮನೆಗೆ. ಪಂಚಾಂಗವೇ ನನ್ನ ಪರವಾಗಿ ನಿಂತ ಹಾಗಿತ್ತು. ಇಬ್ಬರನ್ನೂ ಕೂರಿಸಿ ಹೇಳಿದೆ, ಇಬ್ಬರೂ ತಲೆಯಾಡಿಸಿದರು.

ಹುಳದ ಮದ್ದಿನಲ್ಲಿ ಅಕ್ಕ ಒಂದು ದಿನವೂ ತಪ್ಪಿದವರಲ್ಲ. ಮರಿಗಳಿಗೆ ಮೂರು ವಾರವಾದಾಗಿನಿಂದ ಎರಡು ವಾರಕ್ಕೊಮ್ಮೆ ತೂಕ ನೋಡಿ ಹನಿ ಹನಿಯಾಗಿ ಕುಡಿಸಿದ್ದರು. ಆಟಿ ಹಿಡಿದ ಮೇಲೆ ಜಡಿಮಳೆಯಲ್ಲೇ ರಿಕ್ಷಾ ಮಾಡಿಕೊಂಡು ನಾಯಿಮರಿಯನ್ನು ಮೊದಲ ಇಂಜೆಕ್ಷನ್ನಿಗೆ ತಂದರು. ಮುಂದಿನದು ಯಾವಾಗ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು ಕೊಡಬೇಕಲ್ಲವೇ ಎಂದು ಅವರೇ ಕೇಳಿದರು. ಬೆಕ್ಕಿನ ಮರಿ ಎಲ್ಲಿ ಎಂದೆ.

"ಅದು ಅವರದ್ದಲ್ವಾ ಡಾಕ್ಟ್ರೆ. ಮಾತು ಕೊಟ್ಟಾಗಿದೆ. ಅವರು ಬಂದು ಕರ್ಕೊಂಡು ಹೋಗಿ ಹಾಕಿಸ್ತಾರೆ. ಕೊಟ್ಟ ವಸ್ತುವಿನ ಮೇಲೆ ನಾವು ಕೈ ಹಾಕಿದ್ರೆ ಚಂದ ಅಲ್ಲ."

ಬೇಗ ಆಗಬೇಕು, ಫೋನ್ ಮಾಡಿ ಎಂದೆ. ಆಯಿತು ಎಂದರು. ಫೋನ್ ಮಾಡಲಿಲ್ಲ, ನೆನಪಿಸಿದರೆ ಅವಸರ ಮಾಡಿದ ಹಾಗಾಗುತ್ತದೆಂದು ಸುಮ್ಮನಾದರಂತೆ. ಹೊಳೆಯ ಈಚೆ ಹುಡುಗಿಯ ತಾಯಿಯದು ಇನ್ನೊಂದು ದಾಕ್ಷಿಣ್ಯ. ಮರಿ ಇನ್ನೂ ಅಕ್ಕನ ಮನೆಯದು, ಅವರ ಜೀವಕ್ಕೆ ತಾನು ಹೋಗಿ ಸೂಜಿ ಹಾಕಿಸುವುದು ಹೇಗೆ? ನಾಯಿಮರಿಗೆ ಹಾಕಿಸಿದವರು ಇದಕ್ಕೂ ಹಾಕಿಸಿಯೇ ಇರುತ್ತಾರೆ. ಕೇಳಿದರೆ ಅಕ್ಕನ ಮೇಲೆ ಸಂಶಯಪಟ್ಟ ಹಾಗಾಗುತ್ತದೆ. ಹೀಗೆ ಆಟಿಯಿಡೀ ಆ ಮರಿ ಯಾರದ್ದೂ ಆಗಲಿಲ್ಲ. ಎರಡು ಮನೆಯವರೂ ಒಳ್ಳೆಯವರು, ಅದೇ ಕಷ್ಟ. ಒಬ್ಬರಾದರೂ ಜಗಳಗಂಟರಾಗಿದ್ದರೆ ಮರಿ ಉಳಿಯುತ್ತಿತ್ತು ಎಂದು ನಾನು ಈಗಲೂ ನಂಬಿದ್ದೇನೆ.

ಸೋಣದಲ್ಲಿ, ನಾನು ಹೇಳಿದ ದಿನಗಳನ್ನು ಬೆರಳಲ್ಲಿ ಎಣಿಸಿ ಮುಗಿಸಿಯೇ, ತಾಯಿ ಮಗಳು ಹೋಗಿ ಮರಿಯನ್ನು ಹೊಸ ಟವೆಲಿನಲ್ಲಿ ಸುತ್ತಿ ಮನೆಗೆ ಕರೆತಂದರು. ಒಂದು ವಾರ ಮನೆ ತುಂಬ ಓಡಾಡಿತಂತೆ. ಆಮೇಲೊಂದು ಬೆಳಿಗ್ಗೆ ಇಬ್ಬರೂ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ನನ್ನ ಬಾಗಿಲಲ್ಲಿ ನಿಂತಿದ್ದರು. ಹಳದಿ ವಾಂತಿ. ಮುಂದೆ ನೀರಿಟ್ಟರೆ ಬಟ್ಟಲಿನ ಮೇಲೆ ತಲೆ ಬಾಗಿಸಿ ಕೂರುತ್ತದೆ, ಕುಡಿಯುವುದಿಲ್ಲ. ಈ ಭಂಗಿ ನನಗೆ ಚೆನ್ನಾಗಿ ಗೊತ್ತು.

"ಎರಡು ಇಂಜೆಕ್ಷನ್ ಎಲ್ಲಿ ಹಾಕಿಸಿದ್ದು?" ಎಂದು ಕೇಳಿದೆ. ನನ್ನಲ್ಲಿಗೆ ಬಂದಿರಲಿಲ್ಲ, ಬೇರೆ ಕಡೆ ಆಗಿರಬಹುದು ಎಂದೇ ನಾನು ತಿಳಿದಿದ್ದೆ. ಅವಳು ಅಕ್ಕನಿಗೆ ಫೋನ್ ಮಾಡಿದಳು. ಎರಡು ಮಾತು, ಆಮೇಲೆ ಫೋನನ್ನು ಕಿವಿಯಲ್ಲೇ ಹಿಡಿದು, "ಅಲ್ಲಿಯೂ ಹಾಕಿಸ್ಲಿಲ್ಲ," ಎಂದಳು.

ಸಲೈನ್ ಏರಿಸಿದೆವು. ವಾಂತಿ ನಿಲ್ಲಲು, ಮೇಲೆ ಬೇರೆ ಸೋಂಕು ಸೇರದಿರಲು ಮದ್ದು ಕೊಟ್ಟೆವು. ಆ ವೈರಸ್ಸನ್ನೇ ಕೊಲ್ಲುವ ಮದ್ದು ನಮ್ಮಲ್ಲಿಲ್ಲ. ಮರಿ ತಾನೇ ಗೆಲ್ಲಬೇಕು. ಅಕ್ಕ ಮೊದಲ ಬಸ್ಸಿಗೇ ಬಂದು ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಅದರ ಬೆನ್ನಿಗೆ ಆನಿಸಿಟ್ಟರು. ಹುಡುಗಿ ಶಾಲೆಗೆ ಹೋಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಮರಿಯ ಮೈ ತಣ್ಣಗಾಗುತ್ತ ಬಂತು, ಸಂಜೆಯೊಳಗೆ ಸತ್ತಿತು. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೂ ನನಗೆ ಅಳು ಬಂತು. ಕೈತೊಳೆಯುವ ನೆಪದಲ್ಲಿ ಒಳಗೆ ಹೋದೆ.

ತಿರುಗಿ ಬರುವಾಗ ಇಬ್ಬರು ಹೆಂಗಸರೂ ಮೇಜಿನ ಎರಡು ಬದಿಯಲ್ಲಿ ನಿಂತು ತಗ್ಗಿದ ಸ್ವರದಲ್ಲಿ ಮಾತಾಡುತ್ತಿದ್ದರು.

"ನಮ್ಮ ಮನೆಯಲ್ಲಿ ಹುಟ್ಟಿದ್ದು. ನಮ್ಮದೇ ಮರಿ. ನಮ್ಮ ಜಾಗದಲ್ಲೇ ಹುಗಿಯುವ," ಎಂದರು ಅಕ್ಕ.

"ಇಲ್ಲ ಅಕ್ಕ, ನೀವು ನಮಗೆ ಕೊಟ್ಟಾಗಿದೆ. ಇದು ನಮ್ಮದು. ನಾನೇ ಮಾಡ್ತೇನೆ."

"ನೀನು ಯಾಕೆ ಕಷ್ಟಪಡುದು? ತಪ್ಪು ನನ್ನದು."

"ತಪ್ಪು ನನ್ನದು ಅಕ್ಕ."

ಒಬ್ಬರ ಮಾತಿನಲ್ಲೂ ನಾಟಕ ಇರಲಿಲ್ಲ. ಒಂದು ತಿಂಗಳು ಯಾರಿಗೂ ಬೇಡವಾಗಿದ್ದ ಹಕ್ಕು ಈಗ ಇಬ್ಬರಿಗೂ ಬೇಕಾಗಿತ್ತು. ನಾನು ಬಾಯಿ ತೆರೆದೆ, ಬೈಯಲಿಕ್ಕೆಂದೇ. ಅಷ್ಟರಲ್ಲಿ ಬೆಂಚಿನಿಂದ ಹುಡುಗಿ ಎದ್ದು ಬಂದು ಟವೆಲಿನ ತುದಿಗಳನ್ನು ಮಡಚಿ ಮರಿಯನ್ನು ಎತ್ತಿಕೊಂಡಳು.

"ಉಮ್ಮ, ಇದು ನನ್ನದು," ಎಂದಳು. "ಆಟಿಯಲ್ಲೂ ನನ್ನದೇ. ನನ್ನ ಹತ್ರ ಯಾರೂ ಕೇಳ್ಲೇ ಇಲ್ಲ."